ಧನ ದನವಾದಾಗ: ಮ್ಯಾಗ್ನೆಟಿಕ್ ಸ್ವಿಚ್ ಮತ್ತು ಹಳೆಯ ಮೆಕ್ಯಾನಿಕಲ್ ಸ್ವಿಚ್

ಹಗಲೆಲ್ಲ ಕನ್ನಡದಲ್ಲಿ ಬರೆದು, ಸಂಜೆ ಒಂದು ಗಂಟೆ ಶೂಟಿಂಗ್ ಗೇಮ್ ಆಡುವ ನನಗೆ ಈಗ ಮ್ಯಾಗ್ನೆಟಿಕ್ ಸ್ವಿಚ್‌ಗಳ ಕೀಲಿಮಣೆಯೇ ಅಚ್ಚುಮೆಚ್ಚು. ಆದರೆ ಕೊಂಡ ಮೊದಲ ಮೂರು ವಾರ ಅದನ್ನು ಹಿಂದಿರುಗಿಸಿಬಿಡೋಣ ಎಂದೇ ಅನ್ನಿಸುತ್ತಿತ್ತು. ಹೋಲಿಸಿ ನೋಡಲು ಪಕ್ಕದಲ್ಲೇ ನನ್ನ ಹಳೆಯ ಮೆಕ್ಯಾನಿಕಲ್ ಕೀಲಿಮಣೆ ಇತ್ತು. ಒತ್ತುವಾಗ ನಡುವೆ ಸಣ್ಣ ಉಬ್ಬೊಂದು ಬೆರಳಿಗೆ ತಾಗುವ ಬ್ರೌನ್ ಸ್ವಿಚ್‌ಗಳು ಅದರಲ್ಲಿವೆ.

ಹಳೆಯದರಲ್ಲಿ ಕೀಲಿಯು ಸುಮಾರು 2 ಮಿ.ಮೀ. ಇಳಿದಾಗ ಲೋಹದ ಎಲೆಗಳು ಕೂಡಿ ಅಕ್ಷರ ಬೀಳುತ್ತದೆ, ಕೀಲಿ ಹೆಚ್ಚುಕಡಿಮೆ ಅದೇ ಎತ್ತರಕ್ಕೆ ಮರಳಿದಾಗ ಸಂಪರ್ಕ ಬಿಡುತ್ತದೆ. ಈ ಎತ್ತರವನ್ನು ನಾವು ಬದಲಿಸುವಂತಿಲ್ಲ. ಹೊಸದರಲ್ಲಿ ಕೀಲಿಯೊಳಗಿನ ಅಯಸ್ಕಾಂತ ಎಷ್ಟು ಕೆಳಗೆ ಬಂದಿದೆ ಎಂಬುದನ್ನು ತಳದ ಸೆನ್ಸರ್ ಸದಾ ಅಳೆಯುತ್ತಿರುವುದರಿಂದ, ಅಕ್ಷರ ಬೀಳಬೇಕಾದ ಆಳವನ್ನು, ಅಂದರೆ ಆಕ್ಚುಯೇಷನ್ ಪಾಯಿಂಟನ್ನು, ನಾವೇ ಗೊತ್ತುಮಾಡಬಹುದು. ರ್ಯಾಪಿಡ್ ಟ್ರಿಗರ್ ಹಾಕಿದರೆ ಬಿಡುವ ಎತ್ತರವೂ ಒಂದೆಡೆ ನಿಲ್ಲುವುದಿಲ್ಲ: ಕೀಲಿ ಎಲ್ಲೇ ಇರಲಿ, ನಾವು ಹೇಳಿದಷ್ಟು ಮೇಲೆದ್ದ ಕ್ಷಣವೇ ಅದು ಬಿಟ್ಟಂತೆ, ಮತ್ತೆ ಅಷ್ಟು ಇಳಿದರೆ ಒತ್ತಿದಂತೆ.

ಆಟದ ಉತ್ಸಾಹದಲ್ಲಿ ನಾನು ಎಲ್ಲ ಕೀಲಿಗಳಿಗೂ ಆಳವನ್ನು 0.4 ಮಿ.ಮೀ., ರ್ಯಾಪಿಡ್ ಟ್ರಿಗರನ್ನು 0.1 ಮಿ.ಮೀ. ಎಂದು ಇಟ್ಟೆ. ಆಟ ಸೊಗಸಾಯಿತು, ಬರವಣಿಗೆ ಕೆಟ್ಟಿತು. ಯೋಚಿಸುತ್ತ ಬೆರಳನ್ನು ಕೀಲಿಯ ಮೇಲೆ ಸುಮ್ಮನೆ ಇಟ್ಟರೂ ಅಕ್ಷರಗಳು ಉದುರತೊಡಗಿದವು. ಇದರ ಮದ್ದು ಸುಲಭ, ಆಳವನ್ನು 1.8ಕ್ಕೆ ಏರಿಸಿದೆ, ಉದುರುವುದು ನಿಂತಿತು. ಆದರೆ ಇನ್ನೊಂದು ತಪ್ಪು ಹಾಗೆಯೇ ಉಳಿಯಿತು. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಮಹಾಪ್ರಾಣಗಳಿಗೆಲ್ಲ ಶಿಫ್ಟ್ ಬೇಕು: O ಒತ್ತಿದರೆ ದ, ಶಿಫ್ಟ್ ಜೊತೆಗೆ ಧ. ನಾನು ಬರೆದ 'ಧನಸಹಾಯ' ಹತ್ತರಲ್ಲಿ ಒಂದೆರಡು ಸಲ 'ದನಸಹಾಯ' ಆಗುತ್ತಿತ್ತು, 'ಭಾರ' 'ಬಾರ' ಆಗುತ್ತಿತ್ತು. ಶಿಫ್ಟ್ ಒತ್ತಿಯೇ ಇದ್ದೆ ಎಂಬುದು ಬೆರಳಿಗೆ ಖಚಿತವಾಗಿತ್ತು. ನಿಜವಾದ ಪದಗಳೇ ಮೂಡುತ್ತಿದ್ದುದರಿಂದ ಕಾಗುಣಿತ ತಪಾಸಕವೂ ಎಷ್ಟೋ ಕಡೆ ಸುಮ್ಮನಿತ್ತು.

ಸ್ವಿಚ್ ಕೆಟ್ಟಿದೆ ಎಂದುಕೊಂಡು ಎಡ ಶಿಫ್ಟಿನ ಸ್ವಿಚ್ಚನ್ನು ಬದಲಿಸಿ ಕ್ಯಾಲಿಬ್ರೇಷನ್ ಮಾಡಿದೆ, ಫಲ ಸಿಗಲಿಲ್ಲ. ಕೊನೆಗೆ ಲಿನಕ್ಸ್‌ನಲ್ಲಿ `sudo evtest` ಓಡಿಸಿ, ಧ ಅಕ್ಷರವನ್ನು ಮತ್ತೆ ಮತ್ತೆ ಟೈಪ್ ಮಾಡುತ್ತ ನೋಡಿದೆ. ತಪ್ಪಿದ ಸಲ ಕಂಡದ್ದು ಇಷ್ಟು (ಸಮಯದ ಅಂಕಿಗಳನ್ನು ಬಿಟ್ಟಿದ್ದೇನೆ):

```
code 42 (KEY_LEFTSHIFT), value 1
code 42 (KEY_LEFTSHIFT), value 0
code 24 (KEY_O), value 1
```

1 ಎಂದರೆ ಒತ್ತಿದ್ದು, 0 ಎಂದರೆ ಬಿಟ್ಟದ್ದು. ಬಲಗೈ O ಕಡೆಗೆ ಇಳಿಯುವ ಹೊತ್ತಿಗೆ ನನ್ನ ಎಡಗೈ ಕಿರುಬೆರಳು ತಿಳಿಯದಂತೆ ಕೂದಲೆಳೆಯಷ್ಟು ಸಡಿಲವಾಗುತ್ತಿತ್ತು, 0.1 ಮಿ.ಮೀ. ಮೇಲೆದ್ದರೆ ಸಾಕು, ರ್ಯಾಪಿಡ್ ಟ್ರಿಗರ್ ಶಿಫ್ಟನ್ನು ಬಿಟ್ಟುಬಿಡುತ್ತಿತ್ತು. ಆಕ್ಚುಯೇಷನ್ ಆಳವನ್ನು ಎಷ್ಟು ಹೆಚ್ಚಿಸಿದರೂ ಇದು ಸರಿಹೋಗದು, ಏಕೆಂದರೆ ಆ ಆಳ ದಾಟಿದ ಮೇಲೆ ಬಿಡುವುದನ್ನು ತೀರ್ಮಾನಿಸುವುದು ರ್ಯಾಪಿಡ್ ಟ್ರಿಗರ್ ಮಾತ್ರ. ಹಳೆಯ ಕೀಲಿಮಣೆಯಲ್ಲಿ ತಳಮುಟ್ಟಿದ ಶಿಫ್ಟ್ ಬಿಡಬೇಕಾದರೆ ಸುಮಾರು 2 ಮಿ.ಮೀ. ಮೇಲೇಳಬೇಕು. ಇಷ್ಟು ವರ್ಷ ನನ್ನ ಕಿರುಬೆರಳು ನೆಚ್ಚಿಕೊಂಡಿದ್ದುದು ಆ ಸಡಿಲಿಕೆಯನ್ನೇ.

ಈಗ ನನ್ನಲ್ಲಿ ಎರಡು ಪ್ರೊಫೈಲ್‌ಗಳಿವೆ. ಬರವಣಿಗೆಯದರಲ್ಲಿ ರ್ಯಾಪಿಡ್ ಟ್ರಿಗರ್ ಪೂರ್ತಿ ಬಂದ್, ಅಕ್ಷರಗಳಿಗೆ 1.8, ಪದೇಪದೇ ತಪ್ಪಿ ತಾಗುವ ಕ್ಯಾಪ್ಸ್ ಲಾಕ್‌ಗೆ 3.5 ಮಿ.ಮೀ. ಆಟದ್ದರಲ್ಲಿ W, A, S, D ನಾಲ್ಕಕ್ಕೆ ಮಾತ್ರ ರ್ಯಾಪಿಡ್ ಟ್ರಿಗರ್; ಬೆರಳೆತ್ತಿದೊಡನೆ ಪಾತ್ರ ನಿಲ್ಲಬೇಕಾದ ಆ ಕೆಲಸಕ್ಕೆ ಅದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಬ್ಯಾಕ್‌ಸ್ಪೇಸ್ ಹಿಡಿದು ಒಂದು ಸಾಲು ಅಳಿಸುವಾಗ ನಡುನಡುವೆ ತಡೆಯುತ್ತಿದ್ದುದಕ್ಕೂ ಕಾರಣ ಅದೇ ಆಗಿತ್ತು, ಅದೂ ಈಗ ಇಲ್ಲ.

ಹಳೆಯದು ಗೆಲ್ಲುವುದು ಸ್ಪರ್ಶದಲ್ಲಿ. ನನ್ನ ಮ್ಯಾಗ್ನೆಟಿಕ್ ಸ್ವಿಚ್‌ಗಳು ಉಬ್ಬಿಲ್ಲದೆ ನೇರವಾಗಿ ಜಾರುವುದರಿಂದ, ಅಕ್ಷರ ಯಾವಾಗ ಬಿತ್ತು ಎಂಬುದು ಬೆರಳಿಗೆ ತಿಳಿಯದೆ ಪ್ರತಿ ಕೀಲಿಯನ್ನೂ ತಳದವರೆಗೆ ಒತ್ತುತ್ತೇನೆ. ಹೊಸದರಲ್ಲಿ ಸವೆಯುವ ಲೋಹದ ಸಂಪರ್ಕವಿಲ್ಲದಿರುವುದರಿಂದ, ವರ್ಷಗಳ ಮೇಲೆ ಒಂದಕ್ಷರ ಎರಡಾಗಿ ಬೀಳುವ ಹಳೆಯ ಕಾಯಿಲೆ ಬಾರದು.

ಆಟವಿಲ್ಲದೆ ಬರವಣಿಗೆಯೊಂದೇ ಇದ್ದಿದ್ದರೆ ನಾನು ಈ ಹೆಚ್ಚಿನ ಹಣ ಕೊಡುತ್ತಿರಲಿಲ್ಲ. ಏಕೆಂದರೆ ಬರೆಯುವಾಗ ನಾನು ಈ ಕೀಲಿಮಣೆಯನ್ನು ಬಹುಪಾಲು ಹಳೆಯದರಂತೆಯೇ ನಡೆದುಕೊಳ್ಳುವ ಹಾಗೆ ಮಾಡಿಟ್ಟಿದ್ದೇನೆ. ಹಳೆಯದನ್ನು ತಂಗಿಗೆ ಕೊಟ್ಟೆ. ಅವಳು ಬರೀ ಬರೆಯುತ್ತಾಳೆ, ನನ್ನದನ್ನು ಒಂದು ದಿನ ಬಳಸಿ ನೋಡಿ ಬೇಡವೆಂದಳು.