ಗ್ಲುಟಾಥಯೋನ್ ಡ್ರಿಪ್ ಹಾಕಿಸಿಕೊಳ್ಳುವ ಮುಂಚೆ ಡಬ್ಬಿ ಓದಿ

ನಿಶ್ಚಿತಾರ್ಥ ಆದ ಮೇಲೆ ಅತ್ತೆ ಕಡೆಯವರೊಬ್ಬರು "ಹುಡುಗಿ ಲಕ್ಷಣವಾಗಿದ್ದಾಳೆ, ಬಣ್ಣ ಒಂಚೂರು ಕಮ್ಮಿ" ಅಂದರು. ಅದು ಮನಸ್ಸಿಗೆ ಚುಚ್ಚಿತು. ಮೊದಲು, ಬಣ್ಣ ತಿಳಿಯಾಗುತ್ತೆ ಅಂತ ಮಾರುವ ಗ್ಲುಟಾಥಯೋನ್ ಮಾತ್ರೆ ತಂದೆ. ದಿನಕ್ಕೆ 500 ಮಿಲಿಗ್ರಾಂ, ಎರಡು ತಿಂಗಳು. ಕನ್ನಡಿಯಲ್ಲಿ ಏನೂ ಕಾಣಲಿಲ್ಲ. ಪಾರ್ಲರ್‌ನವರನ್ನು ಕೇಳಿದರೆ, "ಮಾತ್ರೆ ಹೊಟ್ಟೆಯಲ್ಲೇ ಕರಗಿ ಹೋಗುತ್ತೆ ಮೇಡಂ, ರಕ್ತಕ್ಕೇ ಕೊಡಬೇಕು" ಅಂದರು. ಮೊದಲರ್ಧ ಹೆಚ್ಚುಕಡಿಮೆ ನಿಜ. ನುಂಗಿದ್ದರಲ್ಲಿ ಬಹುಪಾಲು ಜೀರ್ಣವಾಗುವಾಗಲೇ ಒಡೆದುಹೋಗುತ್ತದೆ. ನಾನು ಮೋಸ ಹೋಗಿದ್ದು ಉಳಿದರ್ಧದಲ್ಲಿ.

ವಾರಕ್ಕೊಂದರಂತೆ ಎಂಟು ಡ್ರಿಪ್, ವಿಟಮಿನ್ ಸಿ ಜೊತೆಗೆ. ದುಡ್ಡು ಮುಂಗಡ. ಮೂರು ಡ್ರಿಪ್ ಸುಮ್ನೆ ಆಯಿತು. ನಾಲ್ಕನೆಯದು ಮುಗಿದು ಮನೆಗೆ ಬರುವಷ್ಟರಲ್ಲಿ ಹಲ್ಲು ಕಟಕಟ ಅನ್ನುವಷ್ಟು ಚಳಿ, ವಾಂತಿ, ಮೈಕೈ ನೋವು. ರಾತ್ರಿ ಜ್ವರ 103 ದಾಟಿತು. ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ: "ಯಾವ ಔಷಧ, ಡಬ್ಬಿ ಇದೆಯಾ?" ಸ್ಟೇಟಸ್‌ಗೆ ಅಂತ ತೆಗೆದ ಫೋಟೋ ಇತ್ತು. ದೊಡ್ಡದು ಮಾಡಿ ನೋಡಿ ನಕ್ಕುಬಿಟ್ಟರು. ಹೆಬ್ಬೆರಳು ಗಾತ್ರದ ಸೀಸೆಯ ಮೇಲೆ "75,000 ಮಿಲಿಗ್ರಾಂ" ಅಂತ ಬರೆದಿತ್ತು. ಅಂದರೆ 75 ಗ್ರಾಂ ಪುಡಿ. ಒಂದು ಸಣ್ಣ ಲೋಟದ ಸಕ್ಕರೆಯಷ್ಟು! ಅದು ಆ ಸೀಸೆಯೊಳಗೆ ಹಿಡಿಸುವುದೇ ಇಲ್ಲ. ತಯಾರಕರ ವಿಳಾಸವಿಲ್ಲ, ಲೈಸೆನ್ಸ್ ನಂಬರ್ ಇಲ್ಲ. ಒಳಗೆ ಏನಿತ್ತೋ ದೇವರಿಗೇ ಗೊತ್ತು.

ಸರಿಯಾಗಿ ಶುದ್ಧ ಮಾಡದ ಪುಡಿಯಲ್ಲಿ ಬ್ಯಾಕ್ಟೀರಿಯಾದ ವಿಷ ಉಳಿದಿದ್ದರೆ, ಅದು ರಕ್ತಕ್ಕೆ ಹೋದಾಗ ಹೀಗೇ ಚಳಿಜ್ವರ ಬರುತ್ತದಂತೆ. ಅಮೆರಿಕದಲ್ಲೂ ಗ್ಲುಟಾಥಯೋನ್ ಇಂಜೆಕ್ಷನ್‌ನಿಂದ ಇದೇ ಆಗಿ, ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲಿ ಎಚ್ಚರಿಕೆ ಕೊಟ್ಟಿತ್ತು. ನನ್ನ ಲಿವರ್ ಪರೀಕ್ಷೆಯಲ್ಲಿ ಎಸ್‌ಜಿಪಿಟಿ 180 ಬಂತು. ಸಾಮಾನ್ಯವಾಗಿ ಸುಮಾರು 40ರೊಳಗೆ ಇರಬೇಕಾದದ್ದು. ಇಳಿಯಲು ಐದು ವಾರ ಹಿಡಿಯಿತು. ಕೆಂಪು ರಕ್ತಕಣಗಳನ್ನು ಕಾಯುವ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಿಗೆ ಹೆಚ್ಚು ಪ್ರಮಾಣದಲ್ಲಿ ವಿಟಮಿನ್ ಸಿ ರಕ್ತನಾಳಕ್ಕೆ ಕೊಟ್ಟರೆ ರಕ್ತಕಣಗಳೇ ಒಡೆಯಬಹುದು ಅಂತಲೂ ಡಾಕ್ಟರ್ ಹೇಳಿದರು. ಪಾರ್ಲರ್‌ನಲ್ಲಿ ಇದನ್ನೆಲ್ಲ ಯಾರು ಕೇಳುತ್ತಾರೆ? ಬಿಪಿ ಕೂಡ ನೋಡಿರಲಿಲ್ಲ. ಯಾರಿಗಾದರೂ ಅಲರ್ಜಿಯಾಗಿ ಉಸಿರು ಕಟ್ಟಿದ್ದರೆ ಅಲ್ಲಿ ಆಮ್ಲಜನಕವೂ ಇರಲಿಲ್ಲ, ಅಡ್ರಿನಲಿನ್ನೂ ಇರಲಿಲ್ಲ.

"ಕಾಸ್ಮೆಟಿಕ್ ಮೇಡಂ, ಔಷಧ ಅಲ್ಲ" ಅಂದಿದ್ದರು. ನಮ್ಮ 1940ರ ಡ್ರಗ್ಸ್ ಅಂಡ್ ಕಾಸ್ಮೆಟಿಕ್ಸ್ ಕಾನೂನಿನ ಪ್ರಕಾರ ಕಾಸ್ಮೆಟಿಕ್ ಅಂದರೆ ಮೈಗೆ ಹಚ್ಚುವ, ಸಿಂಪಡಿಸುವಂಥ ವಸ್ತು. ಸೂಜಿಯಲ್ಲಿ ಚುಚ್ಚುವುದು ಅದರಲ್ಲಿ ಬರುವುದಿಲ್ಲ. ಫಿಲಿಪ್ಪೀನ್ಸ್‌ನಲ್ಲಿ ಇದರ ಹುಚ್ಚು ನಮಗಿಂತ ಹಳೆಯದು. ಅಲ್ಲಿನ ಎಫ್‌ಡಿಎ ಚರ್ಮ ಸುಲಿದುಹೋಗುವ ಸ್ಟೀವನ್ಸ್ ಜಾನ್ಸನ್ ಕಾಯಿಲೆ, ಕಿಡ್ನಿ ಮತ್ತು ಥೈರಾಯ್ಡ್ ತೊಂದರೆ ಬರಬಹುದು ಅಂತ 2011ರಲ್ಲೇ ಹೇಳಿತ್ತು.

ಬಣ್ಣ ಬಂತಾ ಅಂತ ಕೇಳಬೇಡಿ. ಮೂರನೇ ಡ್ರಿಪ್ ಆದಾಗ ಮುಖ ಸ್ವಲ್ಪ ತಿಳಿಯಾದಂತೆ ನನಗೊಬ್ಬಳಿಗೇ ಅನಿಸಿತ್ತು. ಮದುವೆ ಹೊತ್ತಿಗೆ ಅದೂ ಇರಲಿಲ್ಲ. ಮೊನ್ನೆ ಪಾರ್ಲರ್‌ನಿಂದ ಫೋನ್ ಬಂತು: "ಮೇಡಂ, ನಿಮ್ಮದು ಇನ್ನೂ ನಾಲ್ಕು ಬಾಕಿ ಇದೆ, ಯಾವಾಗ ಬರ್ತೀರಾ?"