ಕೆಲಸ ಬಿಟ್ಟಾಗ ಪಿಎಫ್: ಒಮ್ಮೆ ತೆಗೆದೆ, ಒಮ್ಮೆ ವರ್ಗಾಯಿಸಿದೆ

ಮೂರು ವರ್ಷ ದುಡಿದು 2024ರ ಮಾರ್ಚ್‌ನಲ್ಲಿ ಮೊದಲ ಕೆಲಸ ಬಿಟ್ಟೆ. ತಂಗಿಯ ಮದುವೆ ಹತ್ತಿರವಿತ್ತು. ಆಗಿನ ನಿಯಮದಂತೆ ಎರಡು ತಿಂಗಳು ಕಾದು ಪಿಎಫ್ ಪೂರ್ತಿ ತೆಗೆದುಬಿಟ್ಟೆ. ಮರುವರ್ಷ ಎರಡನೇ ಕೆಲಸ ಬಿಟ್ಟಾಗ ಹಣ ಮುಟ್ಟದೆ ಹೊಸ ಕಂಪನಿಯ ಖಾತೆಗೆ ವರ್ಗಾಯಿಸಿದೆ.

ಮೊದಲ ಸಲದ ಲೆಕ್ಕ ನೋಡಿ. ಬೇಸಿಕ್ 25,000. ತಿಂಗಳಿಗೆ ನನ್ನ ಪಾಲು 3,000. ಕಂಪನಿ ಪಾಲಿನಲ್ಲಿ ಪಿಂಚಣಿಗೆ ಹೋದದ್ದು ಬಿಟ್ಟು 1,750. ಮೂರು ವರ್ಷಕ್ಕೆ ನನ್ನದು 1,08,000, ಕಂಪನಿಯದು 63,000, ಎರಡಕ್ಕೂ ಸೇರಿ ಬಡ್ಡಿ ಸುಮಾರು 21,700. ಶೇ 10ರಂತೆ ಟಿಡಿಎಸ್ 19,270 ಕಡಿದು ಉಳಿದದ್ದು ಖಾತೆಗೆ ಬಂತು. ತೆರಿಗೆ ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ, ಮುಗಿದಿರಲಿಲ್ಲ. ಐದು ವರ್ಷ ಸತತ ಸೇವೆ ಆಗದಿದ್ದರೆ ಕಂಪನಿಯ ಪಾಲು ಮತ್ತು ಅದರ ಬಡ್ಡಿ ಸಂಬಳವೆಂದೂ, ನನ್ನ ಪಾಲಿನ ಬಡ್ಡಿ ಇತರ ಆದಾಯವೆಂದೂ ಸೇರುತ್ತದೆ. ಶೇ 20ರ ಹಂತದಲ್ಲಿದ್ದ ನನಗೆ ಸೆಸ್ ಸೇರಿ ಅದಕ್ಕೇ 17,600 ಬಿತ್ತು. ಹಳೆ ತೆರಿಗೆ ಪದ್ಧತಿಯಲ್ಲಿ ಪ್ರತಿ ವರ್ಷ ನನ್ನ ಪಾಲಿನ 36,000ಕ್ಕೆ 80ಸಿ ವಿನಾಯಿತಿ ಪಡೆದಿದ್ದೆನಲ್ಲ, ಅದೂ ರದ್ದಾಗಿ ಇನ್ನೂ 22,460. ರಿಟರ್ನ್ಸ್ ಹಾಕುವಾಗ ಕೈಯಿಂದ ಸುಮಾರು 20,800 ಕಟ್ಟಿದೆ. ಫಾರಂ 15ಜಿ ಕೊಟ್ಟರೆ ತೆರಿಗೆ ಇಲ್ಲ ಎಂದು ಸಹೋದ್ಯೋಗಿಯೊಬ್ಬರು ಹೇಳಿದ್ದರು. ಅದು ಟಿಡಿಎಸ್ ಕಡಿತ ನಿಲ್ಲಿಸುತ್ತಿತ್ತೇ ಹೊರತು ತೆರಿಗೆಯನ್ನಲ್ಲ. ಆ ವರ್ಷದ ಒಟ್ಟು ತೆರಿಗೆ ಸೊನ್ನೆ ಇದ್ದವರು ಮಾತ್ರ ಅದನ್ನು ಕೊಡಬಹುದಿತ್ತು. ಅನಾರೋಗ್ಯದಿಂದ ಅಥವಾ ಕಂಪನಿ ಮುಚ್ಚಿದ್ದರಿಂದ ಕೆಲಸ ಹೋದವರಿಗೆ ಐದು ವರ್ಷದ ಈ ಷರತ್ತಿಲ್ಲ.

ವರ್ಗಾವಣೆಗೆ ತೆರಿಗೆ ಒಂದು ರೂಪಾಯಿಯೂ ಇಲ್ಲ, ಸೇವೆಯ ವರ್ಷಗಳೂ ಸೇರುತ್ತವೆ. ಆದರೆ ಅರ್ಜಿ ಒಮ್ಮೆ ಸಿಕ್ಕಿಕೊಂಡಿತು: ಹಳೆ ಕಂಪನಿ ನನ್ನ ಕೊನೆಯ ದಿನ ನಮೂದಿಸಿರಲಿಲ್ಲ. ಯುಎಎನ್ ಪೋರ್ಟಲ್‌ನ ಸೇವಾ ವಿವರದಲ್ಲಿ ಆ ಜಾಗ ಖಾಲಿ ಇದ್ದುದನ್ನು ನೋಡಿ ಗೊತ್ತಾಯಿತು. ಕಂಪನಿ ತುಂಬದಿದ್ದರೆ ಎರಡು ತಿಂಗಳ ನಂತರ ನಾವೇ ತುಂಬಬಹುದು, ನಾನು ಹಾಗೇ ಮಾಡಿದೆ. ಮೊದಲ ಮೂರು ವರ್ಷದ ಹಣ ತೆಗೆದಿದ್ದರಿಂದ ನನ್ನ ಐದು ವರ್ಷದ ಎಣಿಕೆ 2024ರಿಂದ ಮತ್ತೆ ಶುರುವಾಗಿದೆ. ಇದೇ ನನ್ನನ್ನು ಹೆಚ್ಚು ಕಾಡುವುದು.

ರಜೆ ಹಣದಲ್ಲೂ ಇಂಥದೇ ವ್ಯತ್ಯಾಸ ಕಂಡೆ. ಕೆಲಸದಲ್ಲಿದ್ದಾಗ 12 ದಿನದ ರಜೆ ಮಾರಿದ್ದಕ್ಕೆ ಪೂರ್ತಿ ತೆರಿಗೆ. ರಾಜೀನಾಮೆ ಕೊಟ್ಟಾಗ ಉಳಿದಿದ್ದ 20 ದಿನಕ್ಕೆ ಬೇಸಿಕ್ ಲೆಕ್ಕದಲ್ಲಿ ಬಂದ 16,666 ಪೂರ್ತಿ ವಿನಾಯಿತಿ. ಖಾಸಗಿ ನೌಕರರಿಗೆ ಇದರ ಮಿತಿ ಜೀವಮಾನಕ್ಕೆ 25 ಲಕ್ಷ. ಬಿಡುವ ಯೋಚನೆ ಇದ್ದವರು ರಜೆಯನ್ನು ಮೊದಲೇ ಮಾರಬೇಡಿ.

ಗ್ರಾಚ್ಯುಟಿಗೆ ಕಾಯಂ ನೌಕರರಿಗೆ ಸಾಮಾನ್ಯವಾಗಿ ಐದು ವರ್ಷ ಬೇಕು. ನನಗೆ ಎರಡು ಕಡೆಯೂ ಸಿಗಲಿಲ್ಲ, ಪಿಎಫ್‌ನಂತೆ ಆ ಸೇವೆಯನ್ನು ಹೊಸ ಕಂಪನಿಗೆ ಒಯ್ಯಲೂ ಆಗಲಿಲ್ಲ.