ಫಲಕಕ್ಕೂ ಬೆಲೆಚೀಟಿಗೂ ಒಂದೇ ಅಕ್ಷರ: ಮೂರು ಮಾದರಿಗಳ ಹೋಲಿಕೆ

ಮಾನ್ಯ ಮಾಲೀಕರಿಗೆ,

ಅಂಗಡಿಯ ಹೊಸ ರೂಪಕ್ಕೆ ಅನೆಕ್ ಕನ್ನಡ ಅಕ್ಷರಶೈಲಿಯನ್ನು ಬಳಸೋಣವೆಂದು ಸೂಚಿಸುತ್ತಿದ್ದೇನೆ. ಈಗಿನ ದಪ್ಪ ಅಕ್ಷರ, ಬಲೂ ತಮ್ಮ 2 ಮತ್ತು ಅನೆಕ್, ಈ ಮೂರರಲ್ಲೂ ಅಂಗಡಿಯ ಹೆಸರನ್ನೂ ಒಂದು ಬೆಲೆಚೀಟಿಯನ್ನೂ ಮುದ್ರಿಸಿ ನೋಡಿದ ಮೇಲೆ ಈ ನಿರ್ಧಾರಕ್ಕೆ ಬಂದಿದ್ದೇನೆ.

ಫಲಕದಲ್ಲಿ ತೊಡಕಾಗುವುದು ಹೆಸರಿನ ‘ವಸ್ತ್ರ’ ಎಂಬ ಪದ. ‘ಸ’ ಅಕ್ಷರಕ್ಕೆ ಎರಡು ಒತ್ತುಗಳಿರುವುದರಿಂದ ಅವಕ್ಕೆ ಕೆಳಗೂ ಪಕ್ಕಕ್ಕೂ ಜಾಗ ಬೇಕು. ಫಲಕದ ಅಳತೆ ಬದಲಾಗದಿದ್ದರೆ ಇಡೀ ಹೆಸರನ್ನೇ ಕುಗ್ಗಿಸಬೇಕಾಗುತ್ತದೆ. ಈಗಿನ ಫಲಕದಲ್ಲಿ ಹೆಸರನ್ನು ಅಡ್ಡಕ್ಕೆ ಹಿಸುಕಿ ಕೂರಿಸಿದ್ದಾರೆ, ಆದ್ದರಿಂದ ಲಂಬ ಗೆರೆಗಳು ತೆಳುವಾಗಿ, ಅಡ್ಡಗೆರೆಗಳು ಮಾತ್ರ ದಪ್ಪವಾಗಿ ಉಳಿದಿವೆ. ಅನೆಕ್‌ನಲ್ಲಿ ಅಗಲವನ್ನು ಶೇಕಡಾ 75ರಿಂದ 125ರವರೆಗೆ ಬದಲಿಸುವ ಸೌಲಭ್ಯ ಅಕ್ಷರದೊಳಗೇ ಇದೆ. ನಾನು 85ಕ್ಕೆ ಇಳಿಸಿದಾಗ ಹೆಸರು ಸಾಲಿನಲ್ಲಿ ಹಿಡಿಸಿತು, ಗೆರೆಗಳ ದಪ್ಪದ ಹದವೂ ಕೆಡಲಿಲ್ಲ. ಬಲೂವಿನಲ್ಲಿ ದಪ್ಪವನ್ನು ಬದಲಿಸಬಹುದೇ ಹೊರತು ಅಗಲವನ್ನಲ್ಲ. ಹಾಗಿದ್ದರೂ ದುಂಡನೆಯ ಅಂದಕ್ಕಷ್ಟೇ ಅಂಕ ಕೊಡುವುದಾದರೆ ಬಲೂವೇ ಮೊದಲು ಎಂದು ಒಪ್ಪುತ್ತೇನೆ.

ನನ್ನ ಮನಸ್ಸನ್ನು ತಿರುಗಿಸಿದ್ದು ಬೆಲೆಚೀಟಿ. ಚೀಟಿ ಮುದ್ರಿಸುವ 203 ಡಿಪಿಐ ಥರ್ಮಲ್ ಪ್ರಿಂಟರ್ ಒಂದು ಮಿಲಿಮೀಟರಿಗೆ ಸುಮಾರು 8 ಚುಕ್ಕೆಗಳನ್ನಷ್ಟೇ ಇಡುತ್ತದೆ. 8 ಪಾಯಿಂಟ್ ಎಂದರೆ ಸುಮಾರು 2.8 ಮಿಲಿಮೀಟರ್, ಅಕ್ಷರ, ಗುಣಿತದ ಗುರುತು, ಒತ್ತು ಎಲ್ಲವೂ ಸುಮಾರು 22 ಚುಕ್ಕೆಗಳ ಎತ್ತರದಲ್ಲೇ ಮುಗಿಯಬೇಕು. ‘ದ’ಕಾರವನ್ನು ‘ಧ’ಕಾರ ಮಾಡುವ ಕೆಳಗಿನ ಸಣ್ಣ ಸೀಳಿಗೆ ಅಲ್ಲಿ ಸಿಗುವುದು ಒಂದೆರಡು ಚುಕ್ಕೆಗಳ ಜಾಗ. ಈಗಿನ ಅಕ್ಷರದಲ್ಲಿ ಸೀಳು ಪೂರ್ತಿ ಮುಚ್ಚಿಹೋಗಿ ‘ಅರ್ಧ ತೋಳು’ ಎಂಬುದು ‘ಅರ್ದ ತೋಳು’ ಆಗಿತ್ತು; ಬಲೂವಿನ ಅತಿ ದಪ್ಪ ರೂಪದಲ್ಲಿ ‘ಷ’ದ ಒಳಗೆರೆ ತುಂಬಿಕೊಂಡು ‘ಪ’ದಂತೆ ಕಂಡಿತು. ಅನೆಕ್‌ನ ಮಧ್ಯಮ ದಪ್ಪದಲ್ಲಿ ಇವೆರಡೂ ಸ್ಪಷ್ಟವಾಗಿ ಉಳಿದವು. ಬಲೂವಿನ ತೆಳು ರೂಪವೂ ಓದಿಸಿಕೊಂಡಿತಾದರೂ ಫಲಕದ ದಪ್ಪ ಬಲೂವಿಗೂ ಅದಕ್ಕೂ ನಂಟು ಕಾಣಲಿಲ್ಲ.

ಪರವಾನಗಿಯಲ್ಲಿ ವ್ಯತ್ಯಾಸವಿಲ್ಲ: ಅನೆಕ್, ಬಲೂ ಎರಡೂ ಮುಕ್ತ ಅಕ್ಷರಗಳು, ವ್ಯಾಪಾರಕ್ಕೆ ಉಚಿತವಾಗಿ ಬಳಸಬಹುದು.

ಬದಲಾವಣೆಗೆ ಎರಡು ಎಚ್ಚರಿಕೆಗಳಿವೆ. ಅಗಲ ಬದಲಿಸಬಹುದಾದ ಇಂಥ ಫಾಂಟ್‌ಗಳಲ್ಲಿ ಅಕ್ಷರದ ಭಾಗಗಳು ಒಂದರ ಮೇಲೊಂದು ಹಾಯ್ದಿರಬಹುದು. ಅವನ್ನು ಬೆಸೆಯದೆ ವಿನೈಲ್ ಕತ್ತರಿಸುವ ಯಂತ್ರಕ್ಕೆ ಕೊಟ್ಟರೆ ಅಕ್ಷರದ ನಡುವೆಯೇ ಕತ್ತರಿ ಹಾಯುತ್ತದೆ. ಆದ್ದರಿಂದ ಫಲಕದವರಿಗೆ ಫಾಂಟ್ ಬದಲು, ಬೆಸೆದ ಬಾಹ್ಯರೇಖೆಯ ಕಡತವನ್ನೇ ಕಳುಹಿಸುತ್ತೇನೆ. ಎರಡನೆಯದು, ಯೂನಿಕೋಡ್ ಅಲ್ಲದ ಹಳೆಯ ಸರಕುಪಟ್ಟಿಯನ್ನು ಪರಿವರ್ತಿಸಿದಾಗ ಅರ್ಕಾವತ್ತು ಕೆಲವೆಡೆ ಜಾಗ ತಪ್ಪಿ ಕೂರುತ್ತದೆ. ‘ಅರ್ಧ’ ಮುಂತಾದ ಪದಗಳನ್ನು ತಮ್ಮ ಸಿಬ್ಬಂದಿಯೊಬ್ಬರು ಒಮ್ಮೆ ಕಣ್ಣಾರೆ ನೋಡಿದ ಮೇಲೆಯೇ ಮೊದಲ ಚೀಟಿಗಳನ್ನು ಮುದ್ರಿಸೋಣ.